ಪಕ್ಕೆಲುಬು ಮುರಿದಾಗ ಕಾಯಬೇಕಾದದ್ದು ಉಸಿರನ್ನು

ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ತೊಡೆ ಮುರಿದರೆ ರಾಡ್ ಕೂರಿಸುತ್ತಾರೆ. ಪಕ್ಕೆಲುಬು ಮುರಿದವರ ಕೈಗೆ ಮಾತ್ರ ಒಂದಿಷ್ಟು ಮಾತ್ರೆ ಮತ್ತು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸುತ್ತಾರೆ. ಮನೆಯವರಿಗೆ ಇದು ಚಿಕಿತ್ಸೆ ಅನ್ನಿಸುವುದೇ ಇಲ್ಲ. ‘ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಏನೂ ಮಾಡಲಿಲ್ಲ’ ಎಂದು ಬೇಸರಪಟ್ಟುಕೊಂಡು ನಾಟಿ ವೈದ್ಯರಲ್ಲಿಗೆ ಹೋಗಿ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಬರುವವರನ್ನು ಅರಿವಳಿಕೆ ವೈದ್ಯನಾದ ನಾನು ಬೇಕಾದಷ್ಟು ಕಂಡಿದ್ದೇನೆ. ಅವರನ್ನು ದೂರುವುದೂ ಕಷ್ಟ. ಇಪ್ಪತ್ತನೇ ಶತಮಾನದ ಅರ್ಧದವರೆಗೆ ಇಂಗ್ಲಿಷ್ ವೈದ್ಯಪದ್ಧತಿಯವರೂ ಅಂಟುಪಟ್ಟಿ ಹಾಕಿ ಎದೆಯನ್ನು ಬಿಗಿಯುತ್ತಿದ್ದರು. ಅಲುಗದ ಮೂಳೆ ಬೇಗ ಕೂಡುತ್ತದೆ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ.

ತಪ್ಪುವುದು ಒಂದು ಕಡೆ. ಪಕ್ಕೆಲುಬು ಅಲುಗಾಡದೆ ಇರಲು ಸಾಧ್ಯವೇ ಇಲ್ಲ. ಸುಮ್ಮನೆ ಕೂತಿದ್ದರೂ ನಾವು ನಿಮಿಷಕ್ಕೆ ಹದಿನಾಲ್ಕು–ಹದಿನಾರು ಸಲ ಉಸಿರಾಡುತ್ತೇವೆ, ಪ್ರತಿ ಸಲವೂ ಎದೆಗೂಡು ಹಿಗ್ಗಿ ಕುಗ್ಗುತ್ತದೆ. ಇಷ್ಟು ಅಲುಗಾಟದ ನಡುವೆಯೂ ಬಹುಪಾಲು ಪಕ್ಕೆಲುಬುಗಳು ಸುಮಾರು ಆರು ವಾರಗಳಲ್ಲಿ ತಮ್ಮಷ್ಟಕ್ಕೆ ಕೂಡಿಕೊಳ್ಳುತ್ತವೆ. ಹಾಗಾಗಿ ಮೂಳೆಯ ಚಿಂತೆ ಅಷ್ಟಾಗಿ ಬೇಕಿಲ್ಲ. ಜೀವಕ್ಕೆ ಕುತ್ತು ಬರುವುದು ಆ ಮೂಳೆಯ ನೋವು ಉಸಿರನ್ನು ಕಿರಿದಾಗಿಸಿ ಕೆಮ್ಮನ್ನು ಅಡಗಿಸುವುದರಿಂದ.

ಆರೋಗ್ಯವಂತರು ಒಂದು ಸಹಜ ಉಸಿರಿನಲ್ಲಿ ಅರ್ಧ ಲೀಟರ್‌ನಷ್ಟು ಗಾಳಿ ಎಳೆದುಕೊಳ್ಳುತ್ತಾರೆ. ಅದರ ನಡುನಡುವೆ ನಮಗೇ ಗೊತ್ತಿಲ್ಲದಂತೆ ಗಂಟೆಗೆ ಹಲವು ಸಲ ನಿಟ್ಟುಸಿರಿನಂಥ ಒಂದು ದೊಡ್ಡ ಉಸಿರು ಬರುತ್ತದೆ. ಶ್ವಾಸಕೋಶದ ಬುಡದಲ್ಲಿರುವ ಸಣ್ಣ ಗಾಳಿಚೀಲಗಳು ಮುಚ್ಚಿಹೋಗದಂತೆ ತೆರೆದಿಡುವುದು ಆ ದೊಡ್ಡ ಉಸಿರೇ. ಪಕ್ಕೆ ಮುರಿದವರಲ್ಲಿ ಮೊದಲು ನಿಲ್ಲುವುದು ಅದು. ನೋವಿನ ಭಯಕ್ಕೆ ಅವರು ಮೇಲಿಂದ ಮೇಲೆ ಸಣ್ಣಸಣ್ಣ ಉಸಿರು ತೆಗೆಯುತ್ತಾರೆ. ಬುಡದ ಗಾಳಿಚೀಲಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕೆಮ್ಮಲು ಆಗದ್ದರಿಂದ ಕಫ ಅಲ್ಲೇ ನಿಲ್ಲುತ್ತದೆ, ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದಕ್ಕೆಲ್ಲ ಎರಡು ಮೂರು ದಿನ ಸಾಕು. ಏಟಿನಿಂದ ಶ್ವಾಸಕೋಶವೇ ಕಂದಿದ್ದರೆ ಆ ಊತವೂ ಮೊದಲ ಒಂದರಿಂದ ಮೂರು ದಿನಗಳವರೆಗೆ ಏರುತ್ತದೆ. ಬಿದ್ದ ದಿನ ಮಾತಾಡಿಕೊಂಡು, ಕಾಫಿ ಕುಡಿದುಕೊಂಡು ಇದ್ದವರು ಮೂರನೇ ದಿನ ಏದುಸಿರು ಬಿಡತೊಡಗುವುದರ ಗುಟ್ಟು ಇದೇ.

ಯಾರಿಗೆ ಹೆಚ್ಚು ಅಪಾಯ ಎಂಬ ಪ್ರಶ್ನೆಗೆ ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯಿಂದ 2000ರಲ್ಲಿ ಎಲೀನ್ ಬಲ್ಜರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಉದಾಹರಿಸುತ್ತಾರೆ. ಪಕ್ಕೆ ಮುರಿದು ದಾಖಲಾದವರಲ್ಲಿ 65 ದಾಟಿದವರ ಪೈಕಿ ನೂರಕ್ಕೆ 22 ಮಂದಿ ತೀರಿಕೊಂಡಿದ್ದರು. ಅದಕ್ಕಿಂತ ಕಿರಿಯರಲ್ಲಿ ಇದು 10. ನ್ಯುಮೋನಿಯಾ ಹಿರಿಯರಲ್ಲಿ ನೂರಕ್ಕೆ 31, ಕಿರಿಯರಲ್ಲಿ 17. ಹಿರಿಯರಲ್ಲಿ ಮುರಿದ ಎಲುಬು ಒಂದೊಂದು ಹೆಚ್ಚಾದಂತೆ ನ್ಯುಮೋನಿಯಾದ ಅಪಾಯ ನೂರಕ್ಕೆ 27ರಷ್ಟು ಏರುತ್ತಿತ್ತು. ಇವೆಲ್ಲ ದೊಡ್ಡ ಗಾಯಾಳು ಆಸ್ಪತ್ರೆಗೆ ಸೇರಿದವರ ಲೆಕ್ಕ, ತಲೆಗೆ ಹೊಟ್ಟೆಗೆ ಪೆಟ್ಟಾದವರೂ ಅದರಲ್ಲಿ ಸೇರಿದ್ದಾರೆ. ಮನೆಯಲ್ಲಿ ಜಾರಿ ಬಿದ್ದ ಪ್ರತಿಯೊಬ್ಬರಿಗೂ ಇದನ್ನೇ ಹಚ್ಚಿ ಹೆದರಿಸಬಾರದು. ಆದರೆ ವಯಸ್ಸು ಮತ್ತು ಮುರಿದ ಎಲುಬಿನ ಸಂಖ್ಯೆ ಎರಡೂ ಸೇರಿ ಅಪಾಯವನ್ನು ಏರಿಸುತ್ತವೆ ಎಂಬ ಮಾತು ನಂತರದ ಅಧ್ಯಯನಗಳಲ್ಲೂ ನಿಂತಿದೆ. ವೇಲ್ಸ್‌ನ ಸೆರಿ ಬ್ಯಾಟಲ್ ಎಂಬ ಫಿಸಿಯೋಥೆರಪಿಸ್ಟ್ 2014ರಲ್ಲಿ ಕೊಟ್ಟ ಅಂಕಪಟ್ಟಿ ಈ ಎರಡರ ಜೊತೆ ಹಳೆಯ ಶ್ವಾಸಕೋಶದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಮತ್ತು ರಕ್ತದ ಆಮ್ಲಜನಕದ ಮಟ್ಟವನ್ನೂ ಸೇರಿಸಿಕೊಂಡಿದೆ. ನನ್ನ ಅನುಭವದಲ್ಲಿ ನಮ್ಮ ಕಡೆ ಬೀಡಿಯನ್ನೂ ಅದರಲ್ಲಿ ಸೇರಿಸಬೇಕು.

ಎಲುಬು ಎಣಿಸುವುದರಲ್ಲೂ ಒಂದು ತೊಡಕಿದೆ. ಸಾದಾ ಎಕ್ಸ್-ರೇ ಮುರಿದ ಪಕ್ಕೆಲುಬುಗಳಲ್ಲಿ ಅರ್ಧದಷ್ಟನ್ನು ಕಾಣದೆ ಬಿಡಬಹುದು. ಎಕ್ಸ್-ರೇ ತೆಗೆಸುವುದರ ಮುಖ್ಯ ಉದ್ದೇಶ ಎಲುಬನ್ನು ನೋಡುವುದಲ್ಲ, ಎದೆಗೂಡಿನಲ್ಲಿ ಗಾಳಿಯೋ ರಕ್ತವೋ ತುಂಬಿದೆಯೇ ಎಂದು ನೋಡುವುದು. ‘ಎಕ್ಸ್-ರೇ ನಾರ್ಮಲ್’ ಎಂದ ಮಾತ್ರಕ್ಕೆ ಪಕ್ಕೆ ಮುರಿದಿಲ್ಲ ಎಂದೇನೂ ಆಗುವುದಿಲ್ಲ. ವಯಸ್ಸಾದವರಲ್ಲಿ ಒತ್ತಿದಲ್ಲಿ ನೋವು ಜೋರಾಗಿದ್ದರೆ ಸಿ.ಟಿ. ಮಾಡಿಸುವುದು ವಾಸಿ. ಕೆಳಗಿನ ಪಕ್ಕೆಲುಬುಗಳು ಮುರಿದಿದ್ದರೆ ಬಲಗಡೆ ಯಕೃತ್ತು, ಎಡಗಡೆ ಗುಲ್ಮ, ಹಿಂದೆ ಮೂತ್ರಪಿಂಡ ಇವುಗಳ ಗಾಯವನ್ನೂ ಹುಡುಕಬೇಕು. ಅದು ಬೇರೆಯೇ ಒಂದು ಅಧ್ಯಾಯ, ಇಲ್ಲಿ ಬೆಳೆಸುವುದಿಲ್ಲ.

ಚಿಕಿತ್ಸೆಯ ಚರಿತ್ರೆ ಮೂರು ಹೊರಳು ಕಂಡಿದೆ. ಪಟ್ಟಿ ಬಿಗಿಯುವ ಕಾಲ ಮುಗಿಯುತ್ತಿದ್ದಂತೆ, 1956ರಲ್ಲಿ ಏವರಿ, ಮೋರ್ಚ್ ಮತ್ತು ಬೆನ್ಸನ್ ಎಂಬವರು ಎದೆ ಜಜ್ಜಿಹೋದವರನ್ನು ವೆಂಟಿಲೇಟರ್‌ಗೆ ಹಾಕಿ ಒಳಗಿನ ಗಾಳಿಯ ಒತ್ತಡದಿಂದಲೇ ಎದೆಗೂಡನ್ನು ಹಿಡಿದಿಡುವ ದಾರಿ ತೋರಿಸಿದರು. ಒಂದೇ ಸಾಲಿನ ಮೂರು ನಾಲ್ಕು ಎಲುಬುಗಳು ಎರಡೆರಡು ಕಡೆ ಮುರಿದಾಗ ಆ ಭಾಗ ಉಸಿರೆಳೆದರೆ ಒಳಕ್ಕೆ, ಬಿಟ್ಟರೆ ಹೊರಕ್ಕೆ ಹೋಗುತ್ತದೆ. ಇದಕ್ಕೆ ಫ್ಲೇಲ್ ಚೆಸ್ಟ್ ಎನ್ನುತ್ತಾರೆ. ಮುಂದಿನ ಇಪ್ಪತ್ತು ವರ್ಷ ಇಂಥವರನ್ನೆಲ್ಲ ವಾರಗಟ್ಟಲೆ ವೆಂಟಿಲೇಟರ್‌ನಲ್ಲಿ ಇಡುವುದೇ ರೂಢಿಯಾಯಿತು, ವೆಂಟಿಲೇಟರ್ ಕೊಳವೆಯಿಂದಲೇ ನ್ಯುಮೋನಿಯಾ ತಂದುಕೊಂಡವರೂ ಬಹಳ. 1975ರಲ್ಲಿ ಟೆಕ್ಸಾಸ್‌ನ ಟ್ರಿಂಕಲ್ ಮತ್ತು ಸಂಗಡಿಗರು ಇದನ್ನು ತಿರುವಿಹಾಕಿದರು. ಅಲುಗುವ ಎದೆಗೋಡೆಗಿಂತ ಅದರ ಕೆಳಗೆ ಕಂದಿದ ಶ್ವಾಸಕೋಶವೇ ಅಪಾಯ, ನೋವನ್ನು ಚೆನ್ನಾಗಿ ತಗ್ಗಿಸಿ, ಕಫ ತೆಗೆಸಿ, ಡ್ರಿಪ್ ಅತಿಯಾಗದಂತೆ ನೋಡಿಕೊಂಡರೆ ಎಷ್ಟೋ ಮಂದಿಗೆ ವೆಂಟಿಲೇಟರ್ ಬೇಕಾಗುವುದೇ ಇಲ್ಲ ಎಂದು ತೋರಿಸಿದರು. ಇವತ್ತಿನ ಚಿಕಿತ್ಸೆಯ ಬೇರು ಅಲ್ಲಿದೆ. ಈಚೆಗೆ ಲೋಹದ ಪಟ್ಟಿ ಕೂರಿಸಿ ಎಲುಬು ಜೋಡಿಸುವ ಶಸ್ತ್ರಚಿಕಿತ್ಸೆ ಮರಳಿ ಬಂದಿದೆ. ಫ್ಲೇಲ್ ಚೆಸ್ಟ್ ಆದವರಿಗೆ, ಅದೂ ಮೊದಲ ಮೂರು ದಿನಗಳೊಳಗೆ ಮಾಡಿದರೆ, ಅದರ ಲಾಭ ಸಾಕಷ್ಟು ಸ್ಪಷ್ಟ. ಉಳಿದವರಲ್ಲಿ ವಾದ ಇನ್ನೂ ನಡೆದಿದೆ.

ಒಂದು ಪ್ರಕರಣವನ್ನು ಹಂತಹಂತವಾಗಿ ನೋಡೋಣ. ಇಲ್ಲಿ ಬರುವವರು ನಿಜವಾದ ಒಬ್ಬ ವ್ಯಕ್ತಿಯಲ್ಲ, ಹಲವರನ್ನು ಸೇರಿಸಿ ಕಟ್ಟಿದ ಚಿತ್ರ. ಶಿರಸಿ ಕಡೆಯ 68ರ ಅಡಿಕೆ ಬೆಳೆಗಾರರು ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕಲ್ಲುಮೆಟ್ಟಿಲಿನ ಅಂಚಿಗೆ ಬಲಪಕ್ಕೆ ಬಡಿಸಿಕೊಂಡಿದ್ದಾರೆ. 60 ಕೆ.ಜಿ. ತೂಕ, ನಲವತ್ತು ವರ್ಷದ ಬೀಡಿ. ಎಕ್ಸ್-ರೇ ಎರಡು ಎಲುಬು ಮುರಿದಿವೆ ಎಂದಿತು, ಸಿ.ಟಿ. ನಾಲ್ಕು ಎಂದಿತು: ಐದರಿಂದ ಎಂಟರವರೆಗೆ. ರಕ್ತದ ಆಮ್ಲಜನಕ ನೂರಕ್ಕೆ 93. ‘ನೋವು ಹೇಗಿದೆ ರಾಯರೇ’ ಎಂದರೆ ‘ಅಡ್ಡಿಲ್ಲ, ತಡ್ಕಂಬಹುದು’ ಎನ್ನುತ್ತಾರೆ.

ಈ ‘ಅಡ್ಡಿಲ್ಲ’ವನ್ನು ನಂಬುವ ಹಾಗಿಲ್ಲ. ಅಲುಗದೆ ಮಲಗಿದ್ದಾಗಿನ ನೋವು ನಮಗೆ ಬೇಕಾದ್ದಲ್ಲ. ‘ಒಂದ್ಸಲ ಜೋರಾಗಿ ಕೆಮ್ಮಿ’ ಎಂದರೆ ಅವರು ಕೈಯಿಂದ ಪಕ್ಕೆ ಹಿಡಿದುಕೊಂಡು ಗಂಟಲಲ್ಲಿ ‘ಕ್ಹಂ’ ಎಂದು ನಿಲ್ಲಿಸಿದರು. ಆ ನೋವಿಗೆ ಹತ್ತರಲ್ಲಿ ಎಷ್ಟು ಎಂದರೆ ಎಂಟು. ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್ ಊರಿನ ಆಸ್ಪತ್ರೆಯಲ್ಲಿ ರೂಪುಗೊಂಡ ಒಂದು ಸರಳ ಅಂಕಪದ್ಧತಿ ಇದನ್ನೇ ಅಳೆಯುತ್ತದೆ. ನೋವಿಗೆ ಒಂದರಿಂದ ಮೂರು, ಎಳೆಯುವ ಉಸಿರಿಗೆ ಒಂದರಿಂದ ನಾಲ್ಕು, ಕೆಮ್ಮಿನ ಬಲಕ್ಕೆ ಒಂದರಿಂದ ಮೂರು, ಒಟ್ಟು ಹತ್ತು. ಅಂಕ ಹೆಚ್ಚಿದಷ್ಟೂ ಒಳ್ಳೆಯದು. ದೊಡ್ಡ ಉಸಿರು ದೇಹದ ತೂಕದ ಕೆ.ಜಿ.ಗೆ 15 ಮಿ.ಲೀ.ಗಿಂತ ಕೆಳಗೆ ಬಂದರೆ ಎಚ್ಚರಿಕೆಯ ಗೆರೆ ದಾಟಿದಂತೆ. ಈ ರಾಯರಿಗೆ ಆ ಗೆರೆ 900 ಮಿ.ಲೀ. ಅವರು ಎಳೆದದ್ದು 750. ನೋವಿಗೆ ಒಂದು, ಉಸಿರಿಗೆ ಎರಡು, ದುರ್ಬಲ ಕೆಮ್ಮಿಗೆ ಎರಡು, ಒಟ್ಟು ಐದು. ‘ಅಡ್ಡಿಲ್ಲ’ ಎಂದವರು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತಿದ್ದಾರೆ.

ನೋವಿನ ಮದ್ದಿಗೆ ತಳಹದಿ ಪ್ಯಾರಾಸಿಟಮಾಲ್. ನೋವು ಬಂದಾಗ ನುಂಗುವುದಲ್ಲ, ಗಡಿಯಾರ ನೋಡಿ ಆರು ಗಂಟೆಗೊಮ್ಮೆ ಒಂದು ಗ್ರಾಂ, ದಿನಕ್ಕೆ ನಾಲ್ಕು ಗ್ರಾಂ ಮೀರುವಂತಿಲ್ಲ. 50 ಕೆ.ಜಿ.ಗಿಂತ ಹಗುರ ಇರುವವರಿಗೆ, ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಅದರ ಮೇಲೆ ಐಬುಪ್ರೊಫೆನ್‌ನಂಥ ಊತ ತಗ್ಗಿಸುವ ಮಾತ್ರೆ ಸೇರಿದರೆ ಪರಿಣಾಮ ಚೆನ್ನಾಗಿರುತ್ತದೆ. ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ದೌರ್ಬಲ್ಯ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಅದು ಸಲ್ಲದು. ನಮ್ಮ ರಾಯರ ಕ್ರಿಯಾಟಿನಿನ್ ಮೇಲಿದ್ದುದರಿಂದ ಅದನ್ನು ಕೊಡಲಿಲ್ಲ. ಮೂರನೆಯದು ಟ್ರಮಡಾಲ್, ಮಾರ್ಫಿನ್ ವರ್ಗ. ಇಲ್ಲಿದೆ ಇಕ್ಕಟ್ಟು. ನೋವನ್ನು ಚೆನ್ನಾಗಿಯೇ ತಗ್ಗಿಸುತ್ತವೆ, ಜೊತೆಗೆ ತೂಕಡಿಕೆ ತರಿಸಿ ಉಸಿರನ್ನೂ ಕೆಮ್ಮನ್ನೂ ಮಂದ ಮಾಡುತ್ತವೆ. ನಾವು ಯಾವುದಕ್ಕಾಗಿ ನೋವು ತಗ್ಗಿಸಹೊರಟೆವೋ ಅದನ್ನೇ ಕಳೆದುಕೊಂಡ ಹಾಗೆ. ವಯಸ್ಸಾದವರಿಗೆ ಟ್ರಮಡಾಲ್‌ನಿಂದ ವಾಂತಿ, ಮಂಪರು, ರಾತ್ರಿ ಅಸಂಬದ್ಧ ಮಾತು ಬರುವುದು ಅಪರೂಪವಲ್ಲ. ಮಲಬದ್ಧತೆಯಂತೂ ಬಂದೇ ಬರುತ್ತದೆ, ಮುರಿದ ಪಕ್ಕೆ ಇಟ್ಟುಕೊಂಡು ಮುಕ್ಕುವ ಕಷ್ಟ ಪಟ್ಟವರಿಗೇ ಗೊತ್ತು. ಹಾಗಾಗಿ ಮೊದಲ ದಿನದಿಂದಲೇ ಲ್ಯಾಕ್ಟುಲೋಸ್ ಅಥವಾ ಇಸಬ್‌ಗೋಲ್ ಜೊತೆಗಿರಬೇಕು.

ಮಾತ್ರೆಯಿಂದ ಕೆಮ್ಮು ಬರದಿದ್ದರೆ ಬ್ಲಾಕ್. ಬೆನ್ನುಹುರಿಯ ಹೊರಪೊರೆಯ ಪಕ್ಕದಲ್ಲಿ ಸಣ್ಣ ನಳಿಕೆ ಇಟ್ಟು ಅರಿವಳಿಕೆ ಮದ್ದು ಹನಿಸುವ ಎಪಿಡ್ಯೂರಲ್ ಬಹುಕಾಲ ಇದರ ಅಳತೆಗೋಲಾಗಿತ್ತು. ಅಮೆರಿಕದ ಗಾಯಾಳು ಶಸ್ತ್ರವೈದ್ಯರ ಸಂಘಟನೆಯೊಂದರ 2016ರ ಮಾರ್ಗಸೂಚಿಯೂ ಬರೀ ಮಾರ್ಫಿನ್ ವರ್ಗದ ಮದ್ದಿಗಿಂತ ಎಪಿಡ್ಯೂರಲ್ ಮತ್ತು ಹಲವು ಮದ್ದುಗಳ ಕೂಡಿಕೆಯತ್ತ ವಾಲಿದೆ, ಅದೂ ಷರತ್ತಿನೊಂದಿಗೆ. ಅದರ ತೊಡಕು ರಕ್ತದೊತ್ತಡ ಇಳಿಯುವುದು, ಮೂತ್ರ ಕಟ್ಟುವುದು. ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ನುಂಗುತ್ತಿರುವವರಿಗೆ, ಬೆನ್ನೆಲುಬಿಗೆ ಪೆಟ್ಟಾದವರಿಗೆ ಅದನ್ನು ಹಾಕುವಂತೆಯೇ ಇಲ್ಲ. 2016ರಲ್ಲೇ ಕೆನಡಾದ ಮೌರಿಸಿಯೊ ಫೊರೆರೊ ಮತ್ತು ಸಂಗಡಿಗರು ಇರೆಕ್ಟರ್ ಸ್ಪೈನೆ ಬ್ಲಾಕ್ ಎಂಬುದನ್ನು ವಿವರಿಸಿದರು. ಅವರ ಮೊದಲ ರೋಗಿಗಳಲ್ಲಿ ಒಬ್ಬರ ನೋವಿಗೆ ಮುರಿದ ಪಕ್ಕೆಲುಬುಗಳು ಸೊಟ್ಟಗೆ ಕೂಡಿದ್ದೇ ಕಾರಣವಾಗಿತ್ತು. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಉದ್ದ ಸ್ನಾಯುವಿನ ಕೆಳಗೆ, ಕಶೇರುಕದ ಪಕ್ಕದ ಮುಳ್ಳಿನ ಮೇಲೆ ಮದ್ದು ಬಿಡುತ್ತಾರೆ. ಸೂಜಿ ಬೆನ್ನುಹುರಿಯಿಂದ ದೂರ ಇರುವುದರಿಂದ ಕಲಿಯುವುದು ಸುಲಭ, ಅಪಾಯವೂ ಕಡಿಮೆ. ಅಲ್ಟ್ರಾಸೌಂಡ್ ಯಂತ್ರವೂ ಅರಿವಳಿಕೆ ವೈದ್ಯರೂ ಇರುವ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಸಾಧ್ಯ. ಈ ಬ್ಲಾಕ್‌ಗಳಿಂದ ನೋವು ಇಳಿಯುತ್ತದೆ ಎನ್ನಲು ಪುರಾವೆ ಗಟ್ಟಿಯಾಗಿದೆ. ನ್ಯುಮೋನಿಯಾ ಇಳಿಯುತ್ತದೆ ಎನ್ನಲು ಅಷ್ಟು ಗಟ್ಟಿಯಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ನೋವು ಇಳಿದ ಮೇಲೆ ರೋಗಿಯನ್ನು ಕೂರಿಸಿ ಕೆಮ್ಮಿಸದಿದ್ದರೆ ಬ್ಲಾಕ್ ತನ್ನಷ್ಟಕ್ಕೆ ಕಫ ತೆಗೆಯುವುದಿಲ್ಲ.

ರಾಯರಿಗೆ ಈ ಬ್ಲಾಕ್ ಕೊಟ್ಟು ನಳಿಕೆ ಇಡಲಾಯಿತು. ಮುಕ್ಕಾಲು ಗಂಟೆಯಲ್ಲಿ ಕೆಮ್ಮಿದಾಗಿನ ನೋವು ನಾಲ್ಕಕ್ಕೆ ಇಳಿಯಿತು, ಉಸಿರು 1300 ಮಿ.ಲೀ.ಗೆ ಏರಿತು, ಕೆಮ್ಮು ಎದೆಯಿಂದ ಬಂತು. ಐದಿದ್ದ ಅಂಕ ಒಂಬತ್ತಾಯಿತು. ಕೆಲಸ ಶುರುವಾಗುವುದು ಇಲ್ಲಿಂದ.

ಈಗ ಆ ಮೂರು ಚೆಂಡಿನ ಡಬ್ಬಿ. ಹತ್ತರಲ್ಲಿ ಐದಾರು ಮಂದಿ ಅದನ್ನು ಊದುತ್ತಾರೆ. ಊದುವುದಲ್ಲ, ಎಳೆಯುವುದು. ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ. ಚೆಂಡುಗಳ ಮೇಲೆ ಬರೆದ 600, 900, 1200 ಗಾಳಿಯ ಪ್ರಮಾಣವಲ್ಲ, ಸೆಕೆಂಡಿಗೆ ಎಷ್ಟು ಮಿ.ಲೀ. ಎಂಬ ವೇಗ. ಜರ್ಕ್ ಹೊಡೆದಂತೆ ಎಳೆದು ಮೂರೂ ಚೆಂಡನ್ನು ಅರ್ಧ ಸೆಕೆಂಡ್ ಹಾರಿಸಿದವರು ಎಳೆದ ಗಾಳಿ ಸುಮಾರು 600 ಮಿ.ಲೀ. ಮಾತ್ರ. ಒಂದೇ ಚೆಂಡನ್ನು ನಿಧಾನವಾಗಿ ಎರಡು ಸೆಕೆಂಡ್ ಮೇಲೆ ನಿಲ್ಲಿಸಿದವರು ಅದರ ಎರಡರಷ್ಟು ಎಳೆದಿರುತ್ತಾರೆ. ಮೊಮ್ಮಕ್ಕಳು ‘ಅಜ್ಜ ಮೂರೂ ಎತ್ತಿದ’ ಎಂದು ಚಪ್ಪಾಳೆ ತಟ್ಟುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಬೆನ್ನು ನೆಟ್ಟಗೆ ಕೂತು, ಉಸಿರನ್ನು ಪೂರ್ತಿ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೆದು, ಮೂರು ಎಣಿಸುವವರೆಗೆ ಹಿಡಿದು ಬಿಡಬೇಕು. ಎಚ್ಚರ ಇರುವಷ್ಟು ಹೊತ್ತು ಗಂಟೆಗೆ ಹತ್ತು ಸಲ, ಒಂದೇ ಸಮ ಮಾಡಿ ತಲೆ ತಿರುಗಿಸಿಕೊಳ್ಳದೆ ನಡುವೆ ಬಿಡುವು ಕೊಟ್ಟು.

ಈ ಡಬ್ಬಿಯಿಂದಲೇ ನ್ಯುಮೋನಿಯಾ ತಪ್ಪುತ್ತದೆಯೇ? ಶಸ್ತ್ರಚಿಕಿತ್ಸೆಯ ನಂತರದ ರೋಗಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರಿಗೆ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ನನ್ನ ಮಟ್ಟಿಗೆ ಅದು ಔಷಧಿಗಿಂತ ಹೆಚ್ಚಾಗಿ ಅಳತೆಯ ಸಾಧನ. ನಿನ್ನೆಗಿಂತ ಇವತ್ತು ಕಡಿಮೆಯಾಯಿತೇ ಎಂದು ರೋಗಿಗೂ ಮನೆಯವರಿಗೂ ಕಣ್ಣೆದುರು ತೋರಿಸುತ್ತದೆ. ಅದಕ್ಕಾದರೆ ಪ್ರಮಾಣವನ್ನೇ ಅಳೆಯುವ ಗೀಟು ಹಾಕಿದ ಉದ್ದ ಕೊಳವೆಯ ಸ್ಪೈರೋಮೀಟರ್ ಇನ್ನೂ ಒಳ್ಳೆಯದು, ಬೆಲೆ ಸ್ವಲ್ಪ ಜಾಸ್ತಿ. ರಾಯರ ಉಸಿರಿನ ಅಳತೆ ತೆಗೆದದ್ದು ಅದರಿಂದಲೇ.

ಕಫ ತೆಗೆಯುವ ಕೆಲಸ ಕೆಮ್ಮಿನದು. ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಮುರಿದ ಜಾಗದ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೆಮ್ಮಿದರೆ ನೋವು ಬಹಳಷ್ಟು ತಡೆದುಕೊಳ್ಳುವಂತಾಗುತ್ತದೆ. ಕೆಮ್ಮಿನ ಆ ಕ್ಷಣಕ್ಕೆ ಒತ್ತು ಕೊಡುವುದು ಬೇರೆ, ಇಡೀ ದಿನ ಬೆಲ್ಟ್ ಬಿಗಿದುಕೊಂಡಿರುವುದು ಬೇರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ರಿಬ್ ಬೆಲ್ಟ್ ಹಳೆಯ ಅಂಟುಪಟ್ಟಿಯ ಮೊಮ್ಮಗನೇ, ಸದಾ ಹಾಕಿಕೊಂಡರೆ ಎದೆ ಹಿಗ್ಗಲು ಬಿಡುವುದಿಲ್ಲ. ಕೆಮ್ಮಲು ತೀರಾ ಆಗದವರಿಗೆ ಹಫ್ ಕಲಿಸುತ್ತೇವೆ. ಮೂರು ನಾಲ್ಕು ದೊಡ್ಡ ಉಸಿರು ತೆಗೆದು, ಬಾಯಿ ತೆರೆದು, ಕನ್ನಡಕದ ಗಾಜು ಒರೆಸಲು ಹಬೆ ಬಿಡುವಂತೆ ‘ಹಾ’ ಎಂದು ಗಾಳಿ ತಳ್ಳುವುದು. ಎರಡು ಮೂರು ಸಲ ಹೀಗೆ ಮಾಡಿದರೆ ಕಫ ಮೇಲಕ್ಕೆ ಸರಿಯುತ್ತದೆ, ಕೊನೆಯ ಒಂದೇ ಕೆಮ್ಮಿಗೆ ಹೊರಬರುತ್ತದೆ. ಇದೆಲ್ಲ ನೋವಿನ ಮದ್ದು ಕೊಟ್ಟ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಮೇಲೆ. ಮದ್ದಿನ ಹೊತ್ತಿಗೂ ಫಿಸಿಯೋಥೆರಪಿಸ್ಟ್ ಬರುವ ಹೊತ್ತಿಗೂ ತಾಳೆ ಇಲ್ಲದ ವಾರ್ಡ್‌ಗಳಲ್ಲಿ ಎರಡೂ ವ್ಯರ್ಥವಾಗುತ್ತವೆ.

ಮಲಗಿಯೇ ಇರುವವರ ಶ್ವಾಸಕೋಶದ ಬುಡಕ್ಕೆ ಗಾಳಿ ಹೋಗುವುದಿಲ್ಲ. ತಲೆದಿಂಬಿನ ಕಡೆ ಮಂಚವನ್ನು 30–45 ಡಿಗ್ರಿ ಏರಿಸಿರಬೇಕು, ಊಟ ಕುರ್ಚಿಯಲ್ಲಿ ಕೂತೇ ಆಗಬೇಕು, ಮೊದಲ ದಿನವೇ ನಾಲ್ಕು ಹೆಜ್ಜೆ ನಡೆಸಬೇಕು. ದಿನಕ್ಕೆರಡು ಸಲ ಹಲ್ಲುಜ್ಜಿಸಬೇಕು, ಬಾಯಿಯ ಬ್ಯಾಕ್ಟೀರಿಯಾವೇ ಒಳಗೆ ಇಳಿಯುವುದು. ‘ಮುಂಜಾಗ್ರತೆಗೆ ಒಂದು ಆ್ಯಂಟಿಬಯಾಟಿಕ್ ಬರೆದುಕೊಡಿ’ ಎಂಬ ಬೇಡಿಕೆ ಬಹಳ. ಬರೀ ಪಕ್ಕೆ ಮುರಿದದ್ದಕ್ಕೆ ಅದು ಬೇಡ. ನ್ಯುಮೋನಿಯಾವನ್ನು ತಡೆಯುವುದಿಲ್ಲ, ಬಂದಾಗ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾವನ್ನು ಸಾಕಿಟ್ಟಿರುತ್ತದೆ.

ರಾಯರ ಮೂರನೇ ದಿನ ಬೆಳಿಗ್ಗೆ ಎಲ್ಲ ಕೆಟ್ಟಿತು. ರಾತ್ರಿ ಮಗ್ಗುಲಾಗುವಾಗ ಬ್ಲಾಕ್‌ನ ನಳಿಕೆ ಸರಿದುಹೋಗಿತ್ತು. ‘ಕೆಮ್ಮಿದರೆ ಎಲುಬು ಜರುಗೀತು’ ಎಂಬ ಹೆದರಿಕೆಗೆ ಮಗ ಅವರನ್ನು ಎಬ್ಬಿಸಿ ಕೆಮ್ಮಿಸಿರಲಿಲ್ಲ. ಬೆಳಿಗ್ಗೆ ನಿಮಿಷಕ್ಕೆ 26 ಉಸಿರು, ಆಮ್ಲಜನಕ 90, ಸ್ಪೈರೋಮೀಟರ್ 800. ಜ್ವರ ಇಲ್ಲ, ಕಫದ ಬಣ್ಣ ಬದಲಾಗಿಲ್ಲ. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಬುಡ ಕುಸಿದಿತ್ತು. ಗಮನಿಸಬೇಕಾದದ್ದು ಈ ಅನುಕ್ರಮವನ್ನು: ಮೊದಲು ನೋವು ಏರಿತು, ಆಮೇಲೆ ಉಸಿರಿನ ಅಳತೆ ಬಿತ್ತು, ಆಮೇಲೆ ಉಸಿರಾಟದ ವೇಗ ಏರಿತು. ಜ್ವರ, ಹಳದಿ ಕಫ ಬರುವುದು ಇದರ ಮುಂದಿನ ಹೆಜ್ಜೆ. ಅದಕ್ಕೆ ಕಾದು ಕೂತವರು ನ್ಯುಮೋನಿಯಾವನ್ನು ತಡೆಯುವ ಅವಕಾಶವನ್ನು ಕಳೆದುಕೊಂಡಿರುತ್ತಾರೆ. ನಳಿಕೆಯನ್ನು ಮತ್ತೆ ಇಟ್ಟು, ಮೂಗಿಗೆ ಆಮ್ಲಜನಕ ಕೊಟ್ಟು, ಎರಡೆರಡು ಗಂಟೆಗೆ ಕೂರಿಸಿ ಹಫ್ ಮಾಡಿಸಿದಾಗ ಸಂಜೆಗೆ ಒಂದು ದಪ್ಪ ಕಫದ ಗಟ್ಟಿ ಹೊರಬಂತು. ರಾತ್ರಿಗೆ ಅಳತೆ 1100. ಆರನೇ ದಿನ ನಳಿಕೆ ತೆಗೆದು, ಎಂಟನೇ ದಿನ ಮನೆಗೆ.

ಎಲ್ಲರ ಮೂರನೇ ದಿನ ಹೀಗೆ ದಡ ಸೇರುವುದಿಲ್ಲ. ಕೆಲವರಿಗೆ ಮುಖಕ್ಕೆ ಬಿಗಿಯುವ ಮಾಸ್ಕ್‌ನ ಒತ್ತಡದ ಗಾಳಿ ಬೇಕಾಗುತ್ತದೆ, ಕೆಲವರಿಗೆ ಕೊಳವೆ ಹಾಕಿ ವೆಂಟಿಲೇಟರ್. ಎದೆಗೂಡಿನಲ್ಲಿ ರಕ್ತ ತುಂಬಿದ್ದರೆ ಅದನ್ನು ಹೊರತೆಗೆಯದೆ ಎಷ್ಟು ಉಸಿರಾಟದ ವ್ಯಾಯಾಮ ಮಾಡಿಸಿದರೂ ಉಪಯೋಗವಿಲ್ಲ.

ಮನೆಗೆ ಹೋದ ಮೇಲೂ ಎರಡು ವಾರ ಕಣ್ಣಿಟ್ಟಿರಬೇಕು, ಎದೆಗೂಡಿನಲ್ಲಿ ರಕ್ತ ತಡವಾಗಿ ಕೂಡುವುದುಂಟು. ಏದುಸಿರು ಹೆಚ್ಚಿದರೆ, ಹೊಸದಾಗಿ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ಹೊಟ್ಟೆನೋವಿನ ಜೊತೆ ತಲೆಸುತ್ತು ಬಂದರೆ ತಡ ಮಾಡುವಂತಿಲ್ಲ. ವಯಸ್ಸಾದವರಲ್ಲಿ ನ್ಯುಮೋನಿಯಾ ಜ್ವರವೇ ಇಲ್ಲದೆ ಬರಬಹುದು. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇವತ್ತು ಹೊತ್ತು ಗೊತ್ತಿಲ್ಲದೆ ಮಾತಾಡುತ್ತಿದ್ದರೆ, ಊಟ ಬಿಟ್ಟು ಮಂಕಾಗಿ ಮಲಗಿದ್ದರೆ ಅದನ್ನು ಮಾತ್ರೆಯ ಮಂಪರು ಎಂದು ತಳ್ಳಿಹಾಕದೆ ಆಮ್ಲಜನಕ ಅಳೆಸಬೇಕು. ನೋವಿನ ಮಾತ್ರೆಗಳಲ್ಲಿ ಮೊದಲು ಬಿಡುವುದು ಟ್ರಮಡಾಲ್, ಕೊನೆಗೆ ಪ್ಯಾರಾಸಿಟಮಾಲ್. ಬಹಳ ಮಂದಿ ತಿರುವುಮುರುವು ಮಾಡುತ್ತಾರೆ. ಆರು ವಾರ ಗೊನೆ, ಮೂಟೆ, ಕೊಡಪಾನ ಎತ್ತುವಂತಿಲ್ಲ. ಮೂರು ತಿಂಗಳವರೆಗೆ ಅಲ್ಲಲ್ಲಿ ಚುಳುಕು ಇರುವುದು ಸಾಮಾನ್ಯ. ಅದರಾಚೆಗೂ ಉಸಿರೆಳೆದಾಗ ‘ಟಿಕ್’ ಎನ್ನುವಂತಿದ್ದರೆ ಎಲುಬು ಕೂಡಿಲ್ಲವೇನೋ ಎಂದು ಸಿ.ಟಿ.ಯಲ್ಲಿ ನೋಡಬೇಕು.

ಇನ್ನೊಂದು ವಿಷಯ ಡಿಸ್ಚಾರ್ಜ್ ಚೀಟಿಯಲ್ಲಿ ಬಹುತೇಕ ಬಿಟ್ಟುಹೋಗುತ್ತದೆ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ, ಕೆಲವರಲ್ಲಿ ಬರೀ ಜೋರು ಕೆಮ್ಮಿಗೇ, ಪಕ್ಕೆಲುಬು ಮುರಿದಿದ್ದರೆ ಮೂಳೆ ಸವೆದಿರುವ ಸಂಭವ ಹೆಚ್ಚು. ನೋವು ಇಳಿದ ಮೇಲೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕು. ಬೀಡಿಯೂ, ಅಸ್ತಮಾಕ್ಕೆಂದು ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆಯೂ ಮೂಳೆಯನ್ನು ಸವೆಸುತ್ತವೆ, ಹಾಗಾಗಿ ಈ ಪರೀಕ್ಷೆ ಹೆಂಗಸರಿಗಷ್ಟೇ ಎಂದುಕೊಳ್ಳುವ ಹಾಗಿಲ್ಲ. ರಾಯರ ಚೀಟಿಯಲ್ಲೂ ಇದನ್ನು ಬರೆಯಬೇಕು, ಆರು ವಾರಗಳ ನಂತರದ ಭೇಟಿಯ ದಿನಾಂಕದ ಪಕ್ಕದಲ್ಲೇ.